ಕೋಳಿ ತೊಳೆಯೋದು ಬಿಟ್ಟೆ, ಭಾನುವಾರದ ಪಾರ್ಸೆಲ್ ಉಳೀತು

ಮಂಡ್ಯದ ನಮ್ಮ ಮನೆಯಿಂದ ಪ್ರತಿ ಭಾನುವಾರ ಪಾರ್ಸೆಲ್ ಕೊಡ್ತೀನಿ. ಎರಡು ಮುದ್ದೆ, ಕೋಳಿ ಸಾರು, ಹೆಚ್ಚಿದ ಈರುಳ್ಳಿ-ಸೌತೆಕಾಯಿ, ಎಲ್ಲಾ ಸೇರಿ 180 ರೂಪಾಯಿ. ಎರಡು ವರ್ಷದ ಹಿಂದೆ ಒಂದು ಭಾನುವಾರ ಹದಿನಾಲ್ಕೋ ಹದಿನೈದೋ ಪಾರ್ಸೆಲ್ ಹೋಗಿತ್ತು. ಮಂಗಳವಾರದ ಹೊತ್ತಿಗೆ ಮೂರು ಮನೆಯಿಂದ ಫೋನು: ಭೇದಿ, ಹೊಟ್ಟೆ ನುಲಿತ, ಒಬ್ಬರಿಗೆ ಜ್ವರ. ಆರು ಪಾರ್ಸೆಲ್ ದುಡ್ಡು ವಾಪಸ್ ಕೊಟ್ಟೆ, ಸಾವಿರದ ಚಿಲ್ಲರೆ ಹೋಯ್ತು. ಕಾಯಂ ಗಿರಾಕಿಯೊಬ್ಬರು ಮತ್ತೆ ಬರಲೇ ಇಲ್ಲ.

ಮೊದಲು ಸಾರನ್ನೇ ಬೈದುಕೊಂಡೆ. ಆದರೆ ಅದು ಮುಕ್ಕಾಲು ಗಂಟೆ ಕುದ್ದಿತ್ತು. ಒಬ್ಬೊಬ್ಬರನ್ನೇ ಕೇಳಿದಾಗ ಗೊತ್ತಾಯ್ತು: ಸಾರು ಮುದ್ದೆ ಮಾತ್ರ ಉಂಡ ಮಕ್ಕಳಿಗೆ ಏನೂ ಆಗಿರಲಿಲ್ಲ, ಈರುಳ್ಳಿ-ಸೌತೆಕಾಯಿ ತಿಂದವರೇ ಮಲಗಿದ್ದರು. ಲ್ಯಾಬಿನಲ್ಲಿ ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಹಸಿ ಕೋಳಿಯಲ್ಲಿರೋ ಕ್ರಿಮಿಗಳಲ್ಲಿ ಸಾಲ್ಮೊನೆಲ್ಲಾನೋ ಕ್ಯಾಂಪೈಲೋಬ್ಯಾಕ್ಟರೋ ಇನ್ನೊಂದೋ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅವತ್ತು ಮೂರು ಕೆಜಿ ಕೋಳಿಯನ್ನ ಸಿಂಕಿನಲ್ಲಿ ನಲ್ಲಿ ಬಿಟ್ಟು ನಾಲ್ಕು ಸಲ ತೊಳೆದಿದ್ದೆ. ಪಕ್ಕದಲ್ಲೇ ಸೌತೆಕಾಯಿ ತಟ್ಟೆ ಇತ್ತು.

ಕೋಳಿ ತೊಳೆದ ನೀರು ಸಿಡಿದೇ ಸೌತೆಕಾಯಿಗೆ ಕ್ರಿಮಿ ಅಂಟಿರಬೇಕು ಅಂದರೆ ನಂಬದ ಅತ್ತೆಗೋಸ್ಕರ ಒಂದು ಆಟ ಆಡಿದೆ. ಕೋಳಿ ತುಂಡುಗಳಿಗೆ ಬೀಟ್‌ರೂಟ್ ರಸ ಸವರಿ, ಹಳೇ ಕ್ಯಾಲೆಂಡರ್ ಹಾಳೆಗಳನ್ನ ಬಿಳಿ ಬೆನ್ನು ಮೇಲೆ ಮಾಡಿ ಸಿಂಕಿನ ಸುತ್ತ ಹಾಸಿ, ಯಾವಾಗಲೂ ತೊಳೆಯೋ ಹಾಗೇ ತೊಳೆದೆ. ಎರಡು ಅಡಿ ಆಚೆಗೂ ಕೆಂಪು ಚುಕ್ಕಿ. ಉಪ್ಪಿನ ಡಬ್ಬಿ ಮುಚ್ಚಳದ ಮೇಲೆ ಮೂರು, ತೊಳೆದಿಟ್ಟ ಲೋಟದ ಒಳಗೆ ಒಂದು. ನಲ್ಲಿ ನೀರು ಎತ್ತರದಿಂದ ಬಿದ್ದಷ್ಟೂ ಹೆಚ್ಚು ಸಿಡಿಯುತ್ತೆ, ಮೆತ್ತಗಿನ ಮಾಂಸದಲ್ಲಿ ಗುಳಿ ಬಿದ್ದು ಇನ್ನೂ ಜಾಸ್ತಿ. ಪಾತ್ರೆಯಲ್ಲಿ ಮುಳುಗಿಸಿ ತೊಳೆದು ನೋಡಿದೆ, ಚುಕ್ಕಿ ಕಡಿಮೆಯಾಯ್ತು, ಆದರೆ ನೀರು ಬಗ್ಗಿಸುವಾಗ ಮತ್ತೆ ಸಿಡೀತು. ಆ ಕೋಳಿ ಸಾರು ವಾರದ ಹೊತ್ತು ಮನೆಯಲ್ಲಿ ನಗೆಪಾಟಲು, ರುಚಿ ಮಾತ್ರ ಕೆಟ್ಟಿರಲಿಲ್ಲ.

"ತೊಳೀದೆ ಬೇಯಿಸಿದ್ರೆ ನೀಚು ವಾಸನೆ ಹೋಗ್ತದೇನವ್ವಾ?" ಅಂದರು ಅತ್ತೆ. ಹೋಗುತ್ತೆ. ತೊಳೆಯದ ತುಂಡಿಗೆ ಅರಿಶಿನ ಉಪ್ಪು ಹಾಕಿ ಬಾಣಲೆಯಲ್ಲಿ ಬಾಡಿಸಿ, ಅದು ಬಿಟ್ಟ ನೀರು ಇಂಗೋವರೆಗೂ ಬಿಡ್ತೀನಿ, ಆಮೇಲೆ ಮಸಾಲೆ. ಜೊತೆಗೆ ಒಂದು ಪುಡಿ ಚಿಟಿಕೆ ಹಾಕ್ತೀನಿ, ಅದು ಯಾವುದು ಅಂತ ಹೇಳಲ್ಲ. ಅರಿಶಿನ, ನಿಂಬೆರಸ ಸವರಿದ ಮಾತ್ರಕ್ಕೆ ಕ್ರಿಮಿ ಸಾಯಲ್ಲ, ಸಾಯಿಸೋದು ಬೆಂಕಿ. ದಪ್ಪ ತುಂಡಿನ ನಡುವೆ 74 ಡಿಗ್ರಿ ಮುಟ್ಟಬೇಕು. ಎಂಟುನೂರು ರೂಪಾಯಿ ಕೊಟ್ಟು ಥರ್ಮಾಮೀಟರ್ ತಂದಿದ್ದೆ, ಕೋಳಿ ಸಾರಿಗೆ ಅದು ದಂಡ, ಕಬಾಬಿಗೆ ಮಾತ್ರ ಉಪಯೋಗಕ್ಕೆ ಬಂತು. ರಕ್ತ, ಮೂಳೆ ಚೂರು ಇದ್ದರೆ ಟಿಶ್ಯೂ ಪೇಪರಿನಲ್ಲಿ ಒತ್ತಿ ತೆಗೆದು ನೇರ ಕಸಕ್ಕೆ. ಅಂಗಡಿಯವನು "ತೊಳೆದು ಕೊಡ್ಲಾ ಅಕ್ಕ" ಅಂದರೂ ಬೇಡ ಅಂತೀನಿ. ಒಂದೇ ಬಕೆಟ್ ನೀರಲ್ಲಿ ಬೆಳಗಿನಿಂದ ಎಷ್ಟು ಕೋಳಿ ಅದ್ದಿರ್ತಾನೋ.

ತೊಳೆಯೋದು ಬಿಟ್ಟ ಮಾತ್ರಕ್ಕೆ ಗೆದ್ದೆ ಅಂದುಕೊಂಡಿದ್ದೆ, ತಪ್ಪು. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿ ತೊಳೆದವರಲ್ಲಿ ಶೇಕಡಾ 60ರಷ್ಟು ಜನರ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು, ಶೇಕಡಾ 26ರಷ್ಟು ಜನರ ಸಲಾಡ್ ಸೊಪ್ಪಿಗೂ ಅದು ಅಂಟಿತ್ತು. ಆದರೆ ತೊಳೆಯದೇ ಇದ್ದವರಲ್ಲೂ ಶೇಕಡಾ 31 ಜನ ಸೊಪ್ಪಿಗೆ ಅಂಟಿಸಿಕೊಂಡಿದ್ದರು, ಕೈ ಸರಿಯಾಗಿ ತೊಳೆಯದೆ. ನನಗೂ ಅದೇ ಆಗಿತ್ತು. ಕೋಳಿ ಮುಟ್ಟಿದ ಕೈಯಲ್ಲೇ ನಲ್ಲಿ ತಿರುಗಿಸಿ, ಕೈ ತೊಳೆದು, ಮತ್ತೆ ಅದೇ ನಲ್ಲಿ ಮುಚ್ಚುತ್ತಿದ್ದೆ. ಖಾರದ ಪುಡಿ ಚಮಚ, ಗ್ಯಾಸ್ ಒಲೆ ತಿರುಗಣೆ, ಒರೆಸೋ ಬಟ್ಟೆ, ಎಲ್ಲಾ ಕಡೆ ಅದೇ ಕೈ.

ಈಗ ಕೆಲಸದ ಸರದಿಯನ್ನೇ ತಿರುವುಮುರುವು ಮಾಡಿದೀನಿ. ಹಸಿ ತಿನ್ನೋದೆಲ್ಲ ಮೊದಲು: ಈರುಳ್ಳಿ, ಸೌತೆ, ನಿಂಬೆ ಹೆಚ್ಚಿ ಮುಚ್ಚಿ ಫ್ರಿಜ್ಜಿಗೆ. ಅರಿಶಿನ, ಉಪ್ಪು, ಖಾರ ಒಂದು ಬಟ್ಟಲಿಗೆ ಅಳೆದು ಇಟ್ಟುಕೊಳ್ತೀನಿ, ಡಬ್ಬಿ ಮುಟ್ಟೋ ಪ್ರಮೇಯವೇ ಬರಲ್ಲ. ಒಲೆ ಹಚ್ಚಿ, ಬಾಣಲೆಗೆ ಎಣ್ಣೆ ಬಿಟ್ಟ ಮೇಲೇ ಕೋಳಿ ಕವರ್ ಬಿಚ್ಚೋದು. ಮೂಲೆ ಕತ್ತರಿಸಿ ತುಂಡುಗಳನ್ನ ನೇರ ಬಾಣಲೆಗೆ ಜಾರಿಸಿ, ಕವರನ್ನ ಕಸದ ಬುಟ್ಟಿಗೆ. ನಲ್ಲಿಯನ್ನ ಮೊಣಕೈಯಲ್ಲಿ ತಿರುಗಿಸಿ ಸೋಪಿನಲ್ಲಿ ಇಪ್ಪತ್ತು ಸೆಕೆಂಡು ಕೈ ಉಜ್ಜಬೇಕು. ಹಳೇ ತಿರುಗಣೆ ನಲ್ಲಿಗೆ ಇದು ಆಗಲ್ಲ, ಮುನ್ನೂರೈವತ್ತು ಕೊಟ್ಟು ಉದ್ದ ಹಿಡಿ ನಲ್ಲಿ ಹಾಕಿಸಿದೆ. ಇಡೀ ಪ್ರಯೋಗದಲ್ಲಿ ದುಡ್ಡಿಗೆ ತಕ್ಕ ಖರ್ಚು ಅದೊಂದೇ. ಸಿಂಕನ್ನ ಮೊದಲು ಸೋಪಿನಲ್ಲಿ ಉಜ್ಜಿ, ಆಮೇಲೆ ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ಬೆರೆಸಿ ಐದು ನಿಮಿಷ ಬಿಡ್ತೀನಿ. ಜಿಡ್ಡಿನ ಮೇಲೆ ಬ್ಲೀಚ್ ಸುರಿದರೆ ಕೆಲಸ ಮಾಡಲ್ಲ.

ಈ ವರ್ಷ ಹೊಸತೊಡಕಿಗೆ ನಲವತ್ತರ ಹತ್ತಿರ ಪಾರ್ಸೆಲ್ ಕೊಟ್ಟೆ, ಒಂದು ಫೋನೂ ಬರಲಿಲ್ಲ. ಅತ್ತೆ ಊರಲ್ಲಿ ನಾಟಿ ಕೋಳಿ ಸುಟ್ಟಾಗ ಈಗಲೂ ಹಿತ್ತಲಲ್ಲಿ ತೊಳೀತಾರೆ. ಆದರೆ ಆ ಬಕೆಟ್ಟು ಅಡುಗೆಮನೆ ಹೊಸಲು ದಾಟೋ ಹಾಗಿಲ್ಲ ಅಂತ ಈಗ ಅವರೇ ಮೈದುನನ ಹೆಂಡತಿಗೆ ಗದರ್ತಾರೆ.