ಮಾತು ಮೊದಲು, ಫೋಟೊ ಆಮೇಲೆ: ಒಂದು ಬೀಳ್ಕೊಡುಗೆ ವಿಡಿಯೊಗೆ ಸ್ಕ್ರಿಪ್ಟ್ ಬರೆದ ಅನುಭವ

ನಮ್ಮ ಕಚೇರಿಯ ದಾಖಲೆ ವಿಭಾಗದಲ್ಲಿ 31 ವರ್ಷ ದುಡಿದ ಮೇಡಂ ನಿವೃತ್ತರಾಗುವ ತಿಂಗಳು, ಬೀಳ್ಕೊಡುಗೆ ಸಮಾರಂಭಕ್ಕೆ ವಿಡಿಯೊ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ನಾನು ಮೊದಲು ಮಾಡಿದ್ದು ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸವನ್ನೇ. 140 ಫೋಟೊಗಳನ್ನು ಕಲೆಹಾಕಿ, ವರ್ಷವಾರು ಜೋಡಿಸಿ, ಒಂದೊಂದಕ್ಕೆ 4 ಸೆಕೆಂಡು ಕೊಟ್ಟು, ಅದರ ಮೇಲೆ ನಾನೇ ಬರೆದ ನಿರೂಪಣೆಯನ್ನು ಓದಿದೆ. ಒಂಬತ್ತು ನಿಮಿಷ ಮೀರಿದ ಆ ಕರಡನ್ನು ಇಬ್ಬರು ಸಹೋದ್ಯೋಗಿಗಳಿಗೆ ತೋರಿಸಿದಾಗ, ಮೂರನೆಯ ನಿಮಿಷಕ್ಕಾಗಲೇ ಅವರು ಗುಂಪು ಚಿತ್ರಗಳಲ್ಲಿ ತಮ್ಮ ಮುಖ ಎಲ್ಲಿದೆಯೆಂದು ಹುಡುಕತೊಡಗಿದ್ದರು. ನಿರೂಪಣೆಯಲ್ಲಿ ಏನು ಹೇಳಿದ್ದೇನೆಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ. ನಿಷ್ಠೆ, ಸರಳತೆ, ಸಮಯಪಾಲನೆ ಎಂಬ ಪದಗಳನ್ನು ಪೋಣಿಸಿದ ಆ ಬರಹ ಯಾವ ನಿವೃತ್ತರಿಗೂ ಹೊಂದುವಂತಿತ್ತು. ಅವರ ನೆನಪಿನಲ್ಲಿ ಅದು ನಿಲ್ಲದಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಹೀಗಾಗಿ ಫೋಟೊಗಳನ್ನು ಬದಿಗಿಟ್ಟು ಮೊದಲು ಮಾತುಗಳನ್ನು ಸಂಗ್ರಹಿಸಲು ಹೊರಟೆ. ಮೇಡಂ ಜೊತೆ ಬೇರೆ ಬೇರೆ ಕಾಲದಲ್ಲಿ ಕೆಲಸ ಮಾಡಿದ ಒಂಬತ್ತು ಮಂದಿಯನ್ನು ಆರಿಸಿಕೊಂಡು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸಿದೆ. ಬರೆದು ತಂದು ಓದುವುದು ಬೇಡವೆಂದು ಮೊದಲೇ ತಿಳಿಸಿದ್ದೆ, ಏಕೆಂದರೆ ಕಾಗದ ಕೈಗೆ ಬಂದ ಕೂಡಲೇ ಎಂಥವರ ದನಿಯೂ ಸುತ್ತೋಲೆ ಓದುವ ದನಿಯಾಗಿಬಿಡುತ್ತದೆ. ‘ಅವರ ಬಗ್ಗೆ ಎರಡು ಮಾತು ಹೇಳಿ’ ಎಂದು ಕೇಳಿದಾಗ ಬರುತ್ತಿದ್ದುದು ಗುಣಗಾನ. ‘ಅವರು ನಿಮ್ಮ ಮೇಲೆ ಸಿಟ್ಟಾಗಬಹುದಾಗಿದ್ದ, ಆದರೆ ಆಗದ ಒಂದು ದಿನವನ್ನು ಹೇಳಿ’ ಎಂದು ಕೇಳಿದ ಮೇಲೆ ಘಟನೆಗಳು ಬರತೊಡಗಿದವು. ನನ್ನ ಪ್ರಶ್ನೆಯನ್ನು ಆಮೇಲೆ ಕತ್ತರಿಸಬೇಕಾದ್ದರಿಂದ, ಉತ್ತರವನ್ನು ‘ಹೌದು, ಆವತ್ತು’ ಎಂದು ಆರಂಭಿಸದೆ, ಯಾವಾಗ, ಎಲ್ಲಿ ಎಂಬುದನ್ನು ಸೇರಿಸಿ ಪೂರ್ಣ ವಾಕ್ಯದಿಂದ ಆರಂಭಿಸಲು ಕೋರಿದೆ. ಈ ಒಂದು ಸೂಚನೆಯನ್ನು ಮೊದಲ ಇಬ್ಬರಿಗೆ ಕೊಡಲು ಮರೆತ ತಪ್ಪಿಗೆ ಅವರನ್ನು ಮತ್ತೊಮ್ಮೆ ಕರೆಯಬೇಕಾಯಿತು. ಎರಡನೆಯ ಸಲ ಹೇಳಿದ ಕಥೆಗೆ ಮೊದಲಿನ ಬಿಸಿ ಇರಲಿಲ್ಲ.

ಧ್ವನಿಮುದ್ರಣಕ್ಕೆ ಬಳಸಿದ್ದು ಮೊಬೈಲನ್ನೇ. ಅದನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಮಾತನಾಡುವವರ ಬಾಯಿಂದ ಸುಮಾರು ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿದೆ. ಸಭಾಂಗಣಕ್ಕಿಂತ, ಕಡತಗಳು ತುಂಬಿದ ಕಪಾಟುಗಳಿರುವ ಕೋಣೆಯಲ್ಲಿ ಪ್ರತಿಧ್ವನಿ ಬಹಳ ಕಡಿಮೆ. ಪ್ರತಿ ಮುದ್ರಣದ ಕೊನೆಗೆ ಅದೇ ಕೋಣೆಯ ಮೌನವನ್ನು 10 ಸೆಕೆಂಡು ದಾಖಲಿಸಿಕೊಂಡೆ. ಎರಡು ವಾಕ್ಯಗಳ ನಡುವೆ ಕತ್ತರಿಸಿದ ಜಾಗದಲ್ಲಿ ಪೂರ್ತಿ ನಿಶ್ಶಬ್ದ ಇಟ್ಟರೆ ಧ್ವನಿ ನಿಂತೇಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಆ ತೇಪೆಗೆ ಈ ಮೌನ ಬೇಕು.

ಒಟ್ಟು 74 ನಿಮಿಷದ ಮಾತು ಸಿಕ್ಕಿತು. ಎಲ್ಲವನ್ನೂ ಅಕ್ಷರಕ್ಕಿಳಿಸಿ, ಪ್ರತಿ ಘಟನೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಮೇಜಿನ ಮೇಲೆ ಹರಡಿ ಕ್ರಮ ಹುಡುಕಿದೆ. ಚೆನ್ನಾಗಿದ್ದರೂ ಕೈಬಿಟ್ಟ ಚೀಟಿಗಳೂ ಇದ್ದವು. ಹಿಂದಿನ ಮೇಲಧಿಕಾರಿಯೊಬ್ಬರನ್ನು ಮೇಡಂ ಅಣಕಿಸುತ್ತಿದ್ದ ಪ್ರಸಂಗಕ್ಕೆ ನಾನು ಬಿದ್ದು ಬಿದ್ದು ನಕ್ಕಿದ್ದೆ, ಆದರೆ ಅದನ್ನು ಮೇಡಂ ತಮ್ಮ ಮನೆಯವರ ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆಂದು ಯೋಚಿಸಿದಾಗ ಚೀಟಿಯನ್ನು ಹಿಂದಕ್ಕೆ ಸರಿಸಿದೆ. ಇನ್ನೊಂದು ತೊಡಕು ಸರ್ವನಾಮದ್ದು. ಕೆಲವರು ‘ನೀವು’ ಎಂದು ನೇರವಾಗಿ ಮೇಡಂಗೇ ಹೇಳುತ್ತಿದ್ದರು, ಕೆಲವರು ‘ಅವರು’ ಎನ್ನುತ್ತಿದ್ದರು. ಘಟನೆಗಳಿಗೆಲ್ಲ ‘ಅವರು’ ಎಂದಿರುವ ಭಾಗಗಳನ್ನು ಉಳಿಸಿಕೊಂಡು, ‘ನೀವು’ ಎಂಬ ಪದವನ್ನು ಕೊನೆಯ ಒಂದೇ ಮಾತಿಗೆ ಮೀಸಲಿಟ್ಟೆ.

ಸ್ಕ್ರಿಪ್ಟ್ ಬರೆದದ್ದು ಎರಡು ಅಂಕಣಗಳಲ್ಲಿ. ಬಲಕ್ಕೆ ಧ್ವನಿ, ಎಡಕ್ಕೆ ಚಿತ್ರ. ಬಲಭಾಗ ತುಂಬಿದ ಮೇಲೆಯೇ ಎಡಭಾಗವನ್ನು ಮುಟ್ಟಿದೆ. ಆಗ ಎದುರಾದ ಸಮಸ್ಯೆಯೆಂದರೆ, ಅತ್ಯುತ್ತಮ ನೆನಪುಗಳಿಗೆ ಫೋಟೊಗಳೇ ಇರಲಿಲ್ಲ. ಕಚೇರಿಯಲ್ಲಿ ಕ್ಯಾಮೆರಾ ಹೊರಬರುವುದು ಸಮಾರಂಭಗಳಲ್ಲಿ ಮಾತ್ರ, ನೆನಪು ಉಳಿಯುವುದು ಬೇರೆ ದಿನಗಳದ್ದು. ನಮ್ಮ ಅಟೆಂಡರ್ ಹೇಳಿದ ಘಟನೆಯೇ ಇದಕ್ಕೆ ಉದಾಹರಣೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಒಂದು ಕಪಾಟಿನ ಕಡತಗಳನ್ನೆಲ್ಲ ತಪ್ಪು ಕ್ರಮದಲ್ಲಿ ಜೋಡಿಸಿಬಿಟ್ಟಿದ್ದರು. ಮೇಡಂ ಏನೂ ಅನ್ನದೆ, ಸಂಜೆ ಉಳಿದುಕೊಂಡು, ಮತ್ತೆ ತಪ್ಪದಿರಲೆಂದು ಪ್ರತಿ ಕಡತದ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಸಣ್ಣ ಸಂಖ್ಯೆ ಬರೆದರು. ಇದಕ್ಕೆ ಯಾವ ಚಿತ್ರ ಹಾಕುವುದು? ದಾಖಲೆ ಕೋಣೆಗೆ ಹೋಗಿ ನೋಡಿದರೆ ಆ ಸಂಖ್ಯೆಗಳು ಮಾಸಿದ್ದರೂ ಹಾಗೆಯೇ ಇದ್ದವು. ಕಡತದ ಹೆಸರು ಕಾಣದಂತೆ, ಕಿಟಕಿಯ ಬೆಳಕಿನಲ್ಲಿ, ಮೂಲೆಯನ್ನಷ್ಟೇ ಹತ್ತಿರದಿಂದ ತೆಗೆದೆ. ಸ್ಕ್ರಿಪ್ಟ್‌ನಲ್ಲಿ ಆ ಭಾಗ ಹೀಗಿತ್ತು:

ಚಿತ್ರ: ಮುಚ್ಚಿದ ಕಪಾಟು, 6 ಸೆಕೆಂಡು.
ಧ್ವನಿ: ‘ನಾನು ಸೇರಿದ ಮೊದಲನೇ ವಾರ, ಇಡೀ ಕಪಾಟು ಉಲ್ಟಾ ಜೋಡಿಸಿಬಿಟ್ಟಿದ್ದೆ.’
ಚಿತ್ರ: ಸುಮಾರು ಅದೇ ಕಾಲದ ಗುಂಪು ಫೋಟೊ, ಮೇಡಂ ಮುಖದತ್ತ ನಿಧಾನವಾಗಿ ಸರಿಯಬೇಕು, 9 ಸೆಕೆಂಡು.
ಧ್ವನಿ: ‘ಬೈತಾರೆ ಅಂತ ನಿಂತಿದ್ದೆ. ಅವರು ಪೆನ್ಸಿಲ್ ಕೇಳಿದರು.’
ಚಿತ್ರ: ಕೆಂಪು ಸಂಖ್ಯೆ, 7 ಸೆಕೆಂಡು. ಧ್ವನಿ ಇಲ್ಲ.

ಸಂಖ್ಯೆಯ ಚಿತ್ರ ‘ಪೆನ್ಸಿಲ್’ ಎಂಬ ಮಾತಿನ ಜೊತೆಗೇ ಬಂದಿದ್ದರೆ ಪಠ್ಯಪುಸ್ತಕದ ಚಿತ್ರದಂತಾಗುತ್ತಿತ್ತು. ಮಾತು ಮುಗಿದು ಒಂದು ಉಸಿರಿನಷ್ಟು ತಡವಾಗಿ ಬಂದದ್ದರಿಂದ, ಉಳಿದ ಕಥೆಯನ್ನು ನೋಡುವವರೇ ಪೂರ್ತಿ ಮಾಡಿಕೊಂಡರು. ಕೇಳಿಸುತ್ತಿರುವುದನ್ನೇ ಚಿತ್ರ ಮತ್ತೆ ಹೇಳಬಾರದೆಂಬುದನ್ನು ಇಲ್ಲಿಂದಾಚೆಗೆ ಪ್ರತಿ ದೃಶ್ಯದಲ್ಲೂ ಪಾಲಿಸಿದೆ.

ಹಳೆಯ ಫೋಟೊಗಳನ್ನು ಮೊಬೈಲಿನಲ್ಲಿ ಮರುಚಿತ್ರಿಸಿದಾಗ ಹೊಳಪು ಮೇಲ್ಮೈಯಲ್ಲಿ ದೀಪದ ಪ್ರತಿಬಿಂಬ ಬಿದ್ದಿತ್ತು, ಆದ್ದರಿಂದ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಮುಖದತ್ತ ಸರಿಯುವ ದೃಶ್ಯಕ್ಕೆ ಆ ಸ್ಪಷ್ಟತೆ ಬೇಕೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರಿಗೆ ಫೋಟೊವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿರೆಂದು ಹೇಳಿದ್ದರಿಂದ ಚಿತ್ರಗಳು ಕುಗ್ಗದೆ ಬಂದವು. ತೀರಿಕೊಂಡ ಸಹೋದ್ಯೋಗಿಯೊಬ್ಬರು ಇದ್ದ ಒಂದು ಚಿತ್ರಕ್ಕೆ ಅವರ ಮನೆಯವರ ಒಪ್ಪಿಗೆ ಪಡೆದೆ.

ಅಂತಿಮ ವಿಡಿಯೊ 7 ನಿಮಿಷ 20 ಸೆಕೆಂಡು, ಫೋಟೊಗಳು 52. ಸಮಾರಂಭದ ಹಿಂದಿನ ದಿನ ಅದೇ ಸಭಾಂಗಣದಲ್ಲಿ ಅದೇ ಪ್ರೊಜೆಕ್ಟರ್‌ನಿಂದ ಓಡಿಸಿ ನೋಡಿದ್ದು ಒಳ್ಳೆಯದಾಯಿತು. ಕೊನೆಯ ಸಾಲಿನಲ್ಲಿ ಕುಳಿತಾಗ, ಮುಂದಿನವರ ತಲೆಗಳು ಅಡ್ಡಬಂದು ತೆರೆಯ ಕೆಳಭಾಗದ ಅಕ್ಷರಗಳು ಕಾಣಿಸಲಿಲ್ಲ. ಅವನ್ನೆಲ್ಲ ಮೇಲಕ್ಕೆ ಸರಿಸಿದೆ. ಹೆಡ್‌ಫೋನಿನಲ್ಲಿ ಹಿತವಾಗಿದ್ದ ಹಿನ್ನೆಲೆ ಸಂಗೀತ ದೊಡ್ಡ ಸ್ಪೀಕರಿನಲ್ಲಿ ಮಾತನ್ನು ನುಂಗುತ್ತಿತ್ತು. ಮಾತಿರುವ ಕಡೆಗಳಲ್ಲಿ ಅದನ್ನು ಪೂರ್ತಿ ತೆಗೆದು, ಘಟನೆಗಳ ನಡುವೆ ಮಾತ್ರ ಉಳಿಸಿದೆ. ಜೊತೆಗೆ ಕುಳಿತ ನಾಲ್ವರು ನಕ್ಕಾಗ ಮುಂದಿನ ವಾಕ್ಯ ಆ ನಗುವಿನಲ್ಲಿ ಮುಳುಗಿಹೋಯಿತು. ನಾಲ್ವರಿಗೇ ಹೀಗಾದರೆ ತುಂಬಿದ ಸಭೆಯಲ್ಲಿ ಹೇಗೆಂದು ಯೋಚಿಸಿ, ನಗು ಬರುವ ಮೂರು ಕಡೆ ಚಿತ್ರವನ್ನು 4 ಸೆಕೆಂಡು ಹೆಚ್ಚು ನಿಲ್ಲಿಸಿದೆ. ಮೇಲೆ ಹೇಳಿದ 7 ನಿಮಿಷ 20 ಸೆಕೆಂಡಿನಲ್ಲಿ ಈ 12 ಸೆಕೆಂಡುಗಳೂ ಸೇರಿವೆ.

ಮರುದಿನ ಕೆಂಪು ಸಂಖ್ಯೆಯ ಚಿತ್ರ ಬಂದಾಗ ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಮೇಡಂ ಪಕ್ಕದವರ ಕಡೆ ಬಾಗಿ ಏನೋ ಹೇಳಿದರು. ಆಮೇಲೆ ವಿಚಾರಿಸಿದಾಗ ತಿಳಿಯಿತು: ‘ಅದು ಏಳಲ್ಲ, ಒಂದು’ ಎಂದಿದ್ದರಂತೆ. ಪೆನ್ ಡ್ರೈವ್‌ನಲ್ಲಿ ವಿಡಿಯೊದ ಜೊತೆಗೆ ಕತ್ತರಿಸದ 74 ನಿಮಿಷದ ಮಾತುಗಳನ್ನೂ, ಹೇಳಿದವರ ಒಪ್ಪಿಗೆ ಪಡೆದು, ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಕಡತಗಳಾಗಿ ಹಾಕಿಕೊಟ್ಟೆ. ಅಣಕದ ಪ್ರಸಂಗವೂ ಅದರಲ್ಲಿದೆ.