ತಂಗಿ ಮದುವೆಗೆ ಐದು ದಿನ ರಜೆ: ಪಾಲಿಸಿ ಓದಿದ ನನ್ನ ಅನುಭವ

2024ರ ದೀಪಾವಳಿಗೆ ಊರಿಗೆ ಹೋಗಿ ಬಂದೆ. ಆ ತಿಂಗಳ ಪೇಸ್ಲಿಪ್‌ನಲ್ಲಿ ನಾಲ್ಕು ದಿನದ ಸಂಬಳ ಕಟ್ ಆಗಿತ್ತು. ನನ್ನ ಲೆಕ್ಕದಲ್ಲಿ ರಜೆ ಬಾಕಿ ಇತ್ತು. ಮ್ಯಾನೇಜರ್ ವಾಟ್ಸಾಪ್‌ನಲ್ಲಿ "ಓಕೆ, ಹೋಗಿ ಬನ್ನಿ" ಅಂದಿದ್ದರು. ಎಚ್‌ಆರ್‌ಗೆ ಹೋಗಿ ಕೇಳಿದರೆ, "ಲೀವ್ ಪಾಲಿಸಿ ಓದಿಲ್ವಾ ನೀವು?" ಅಂತ ನನ್ನನ್ನೇ ಕೇಳಿದರು. ನಿಜ, ಓದಿರಲಿಲ್ಲ. ಸೇರಿದ ದಿನ ಇಪ್ಪತ್ತು ಕಾಗದಗಳ ಜೊತೆ ಅದಕ್ಕೂ ಒಂದು ಸಹಿ ಹಾಕಿದ್ದೆ, ಅಷ್ಟೆ.

ಮರುವರ್ಷ ಮೇ 14ಕ್ಕೆ ತಂಗಿ ಮದುವೆ ಗೊತ್ತಾಯಿತು. ಬುಧವಾರ. ನನಗೆ 12ರ ಸೋಮವಾರದಿಂದ 16ರ ಶುಕ್ರವಾರದವರೆಗೆ ರಜೆ ಬೇಕು. ಈ ಸಲ ಹಾಗಾಗಬಾರದು ಅಂತ ಏಪ್ರಿಲ್ ಮೊದಲ ವಾರದಲ್ಲೇ ಪಾಲಿಸಿಯ ಪಿಡಿಎಫ್ ತೆಗೆದು ಕೂತೆ. ಇಪ್ಪತ್ತೆರಡು ಪುಟ. ಮೊದಲಿಂದ ಓದಲು ಹೋಗಿ ಮೂರನೇ ಪುಟಕ್ಕೇ ಆಕಳಿಕೆ ಬಂತು. ಆಮೇಲೆ ದಾರಿ ಬದಲಿಸಿದೆ. ಒಂದು ಹಾಳೆಯ ಮೇಲೆ ನನ್ನ ತಾರೀಖು ಬರೆದುಕೊಂಡು, ಅದಕ್ಕೆ ಬೇಕಾದ್ದನ್ನು ಮಾತ್ರ ಹುಡುಕಿದೆ: ಎಷ್ಟು ದಿನ ಮೊದಲು ಹೇಳಬೇಕು, ಯಾರ್ಯಾರು ಒಪ್ಪಬೇಕು, ಏನು ತೋರಿಸಬೇಕು. `Ctrl+F` ಒತ್ತಿ `prior`, `advance`, `approv`, `certificate` ಅಂತ ಒಂದೊಂದಾಗಿ ಹಾಕುತ್ತಾ ಹೋದೆ. `notice` ಅಂತ ಹುಡುಕಿದರೆ ಬರೋದೆಲ್ಲ ಕೆಲಸ ಬಿಡುವಾಗಿನ ನೋಟಿಸ್ ಪೀರಿಯಡ್. ರಜೆಯ ಜಾಗದಲ್ಲಿ ಆ ಪದವೇ ಇರಲಿಲ್ಲ.

ಮೊದಲ ಉತ್ತರ ಸುಲಭವಾಗಿ ಸಿಕ್ಕಿತು. ಮೂರು ದಿನಕ್ಕಿಂತ ಜಾಸ್ತಿ ಅರ್ನ್ಡ್ ಲೀವ್ ಬೇಕಾದರೆ, ರಜೆ ಶುರುವಾಗುವ ಹದಿನೈದು ವರ್ಕಿಂಗ್ ದಿನ ಮೊದಲು ಅರ್ಜಿ ಹಾಕಬೇಕು. ನಾನು ಕ್ಯಾಲೆಂಡರ್ ನೋಡಿ, ಏಪ್ರಿಲ್ 27 ಸಾಕು ಅಂದುಕೊಂಡೆ. ಆಮೇಲೆ "ವರ್ಕಿಂಗ್" ಅನ್ನೋ ಪದ ಕಣ್ಣಿಗೆ ಚುಚ್ಚಿತು. ಎರಡನೇ ಪುಟದಲ್ಲಿ ಪದಗಳ ಅರ್ಥ ಕೊಟ್ಟಿದ್ದರು: ವಾರದ ರಜೆಗಳನ್ನೂ ಕಂಪನಿ ಪಟ್ಟಿಯ ಹಬ್ಬದ ರಜೆಗಳನ್ನೂ ಬಿಟ್ಟು ಉಳಿದ ದಿನ. ಸರಿ, ಮೇ 12ರಿಂದ ಹಿಂದಕ್ಕೆ ಬೆರಳು ಮಡಚುತ್ತಾ ಬಂದೆ. ಶನಿವಾರ, ಭಾನುವಾರ ಬಿಡಬೇಕು. ಮೇ 1 ರಜೆ. ಏಪ್ರಿಲ್ 18 ಗುಡ್ ಫ್ರೈಡೇ, ಅದೂ ರಜೆ. ಏಪ್ರಿಲ್ 30 ಬಸವ ಜಯಂತಿ, ಸರ್ಕಾರಿ ಕಚೇರಿಗೆ ರಜೆ, ನಮ್ಮ ಕಂಪನಿ ಪಟ್ಟಿಯಲ್ಲಿ ಇಲ್ಲ. ಹೀಗೆ ಎಣಿಸಿದರೆ ಹದಿನೈದನೇ ದಿನ ಬಂದು ನಿಂತದ್ದು ಏಪ್ರಿಲ್ 17ರ ಗುರುವಾರಕ್ಕೆ. ನಾನು ಅಂದುಕೊಂಡದ್ದಕ್ಕಿಂತ ಹತ್ತು ದಿನ ಮೊದಲು! ದೀಪಾವಳಿಯಲ್ಲಿ ನನ್ನ ಸಂಬಳ ಹೋದದ್ದು ಇಲ್ಲೇ ಅಂತ ಆಗ ಅರ್ಥವಾಯಿತು.

ಇಲ್ಲಿ ಇನ್ನೊಂದು ವಿಷಯ ನೋಡಬೇಕು. ಹದಿನೈದು ದಿನ ಅನ್ನೋದು ಅರ್ಜಿ ಹಾಕೋದಕ್ಕಾ, ಒಪ್ಪಿಗೆ ಸಿಗೋದಕ್ಕಾ? ನಮ್ಮದರಲ್ಲಿ "ಅಪ್ಲೈಡ್" ಅಂತ ಇತ್ತು, ಬಚಾವ್. "ಅಪ್ರೂವ್ಡ್" ಅಂತ ಇದ್ದಿದ್ದರೆ ಇನ್ನೂ ಒಂದು ವಾರ ಮೊದಲೇ ಓಡಾಡಬೇಕಿತ್ತು.

ಒಪ್ಪಿಗೆಯ ದಾರಿ ನಿಜವಾಗಿ ತಲೆಬಿಸಿ ಮಾಡಿದ್ದು. ಮೂರು ದಿನದವರೆಗೆ ರಿಪೋರ್ಟಿಂಗ್ ಮ್ಯಾನೇಜರ್ ಸಾಕು, ಅದರ ಮೇಲೆ ಡಿಪಾರ್ಟ್‌ಮೆಂಟ್ ಹೆಡ್ ಕೂಡ ಬೇಕು ಅಂತ ಒಂದು ಪುಟದಲ್ಲಿ. "ರಿಪೋರ್ಟಿಂಗ್ ಮ್ಯಾನೇಜರ್ ಅಂದರೆ ಪೋರ್ಟಲ್‌ನಲ್ಲಿ ದಾಖಲಾದವರು" ಅಂತ ಇನ್ನೊಂದು ಪುಟದಲ್ಲಿ. ಅನುಮಾನ ಬಂದು ಏಪ್ರಿಲ್ 11ಕ್ಕೆ ಪೋರ್ಟಲ್ ತೆಗೆದರೆ, ನನ್ನ ಹೆಸರಿನ ಮುಂದೆ ಇದ್ದದ್ದು ಹಳೆಯ ಟೀಮಿನ ಮ್ಯಾನೇಜರ್. ದೀಪಾವಳಿಗೂ ಮೊದಲೇ ನಾನು ಆ ಟೀಮ್ ಬಿಟ್ಟಿದ್ದೆ. ಅಂದರೆ ದಿನಾ ನನ್ನ ಕೆಲಸ ನೋಡೋರು ಬೇರೆ, ನನ್ನ ರಜೆಗೆ ಬಟನ್ ಒತ್ತಬೇಕಾದವರು ಬೇರೆ. ವಾಟ್ಸಾಪ್ "ಓಕೆ"ಗೆ ಯಾಕೆ ಬೆಲೆ ಇರಲಿಲ್ಲ ಅಂತ ಅದೂ ತಿಳಿಯಿತು. ಅವತ್ತೇ ಎಚ್‌ಆರ್‌ಗೆ ಟಿಕೆಟ್ ಹಾಕಿದೆ. 15ರ ಮಂಗಳವಾರ ಸರಿಯಾಯಿತು, ಸರಿಯಾದ ಕೂಡಲೇ ಅರ್ಜಿ ಹಾಕಿದೆ.

ನಮ್ಮಲ್ಲಿ ತುಂಬಾ ಜನ, "ಮೂರು ದಿನ ಸುಮ್ನಿದ್ದರೆ ತಾನೇ ಅಪ್ರೂವ್ ಆಗುತ್ತೆ" ಅಂತ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ಪಾಲಿಸಿಯಲ್ಲಿದ್ದದ್ದು, ಮೂರು ವರ್ಕಿಂಗ್ ದಿನದಲ್ಲಿ ಉತ್ತರ ಬಾರದಿದ್ದರೆ ಅರ್ಜಿ ಮೇಲಿನವರಿಗೆ ಹೋಗುತ್ತೆ ಅಂತ. ಮೇಲಿನವರೂ ಸುಮ್ಮನಿದ್ದರೆ ಅಲ್ಲೇ ಪೆಂಡಿಂಗ್. ರಜೆ ಶುರುವಾಗುವ ದಿನವೂ ಪೆಂಡಿಂಗ್ ಇದ್ದರೆ ಅದು ಹೇಳದೆ ಕೇಳದೆ ಗೈರಾದ ಲೆಕ್ಕ. ಮ್ಯಾನೇಜರ್ ಮರುದಿನವೇ ಒಪ್ಪಿದರು. ಹೆಡ್ ಅವರದು 21ರವರೆಗೂ ಬರಲಿಲ್ಲ. ಪಾಲಿಸಿಯ ಕ್ಲಾಜ್ ನಂಬರ್ ಗಿಂಬರ್ ಏನೂ ಹಾಕದೆ, "ಸರ್, ತಂಗಿ ಮದುವೆ, ಬಸ್ ಟಿಕೆಟ್ ಮಾಡಿಸಬೇಕು" ಅಂತ ಎರಡು ಸಾಲಿನ ಮೇಲ್ ಕಳಿಸಿದೆ. ಮರುದಿನ ಬಂತು.

ಇನ್ನು ದಾಖಲೆ. ಇದು ಕೊನೆಯ ಪುಟದ ಅನುಬಂಧದಲ್ಲಿ ಒಂದು ಪಟ್ಟಿಯಾಗಿ ಇತ್ತು. ಓದುವಾಗ ಎರಡು ಇಂಗ್ಲಿಷ್ ಪದ ನೋಡಿಕೊಳ್ಳಬೇಕು, `may` ಮತ್ತು `shall`. "ಕೇಳಬಹುದು" ಅಂತಿದ್ದರೆ ಮ್ಯಾನೇಜರ್ ಇಷ್ಟ, "ಕೊಡಲೇಬೇಕು" ಅಂತಿದ್ದರೆ ಕೊಡದಿದ್ದರೆ ಸಂಬಳ ಹೋಯಿತು ಅಂತಲೇ ಅರ್ಥ. ಅರ್ನ್ಡ್ ಲೀವ್‌ಗೆ ಕಾರಣವೂ ಬೇಡ, ದಾಖಲೆಯೂ ಬೇಡ. ನಾನು ಲಗ್ನಪತ್ರಿಕೆ ಸ್ಕ್ಯಾನ್ ಮಾಡಿ ಇಟ್ಟಿದ್ದೆ, ಅದು ಬೇಕಾಗಲೇ ಇಲ್ಲ. ಲಗ್ನಪತ್ರಿಕೆ ಕೇಳೋದು ಸ್ವಂತ ಮದುವೆಗೆ ಕೊಡುವ ವಿಶೇಷ ರಜೆಗೆ ಮಾತ್ರ. ಸಿಕ್ ಲೀವ್ ಎರಡು ದಿನ ದಾಟಿದರೆ ಡಾಕ್ಟರ್ ಸರ್ಟಿಫಿಕೇಟ್ ಕೊಡಲೇಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಬೇರೆ ರಜೆಗೆ ಅಂಟಿಕೊಂಡು ಬರುವ ಸಿಕ್ ಲೀವ್ ಒಂದೇ ದಿನವಾದರೂ ಸರ್ಟಿಫಿಕೇಟ್ ಬೇಕು, ವಾಪಸ್ ಬಂದ ಮೂರು ದಿನದೊಳಗೆ ಅಪ್‌ಲೋಡ್ ಮಾಡಬೇಕು.

ಆ ಸಾಲೇ ನನ್ನನ್ನು ಕಾಪಾಡಿತು. ಮದುವೆ ಮುಗಿದು, ಭಾನುವಾರ ರಾತ್ರಿ ಬಸ್ ಹತ್ತಬೇಕು, ಸಂಜೆಯೇ ಜ್ವರ. "ಒಂದು ಕ್ರೋಸಿನ್ ನುಂಗಿ ಮಲ್ಕೋ, ನಾಳೆ ಸರಿ ಹೋಗುತ್ತೆ" ಅಂದಳು ಅಮ್ಮ. ಮೊದಲಿನ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಸೋಮವಾರ ಬೆಳಿಗ್ಗೆ ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ಊರಿನ ಡಾಕ್ಟರ್ ಹತ್ತಿರ ಹೋದೆ. ಅವರು ಮಾಮೂಲಿಯಂತೆ ಔಷಧಿ ಚೀಟಿ ಬರೆದು ಕೊಟ್ಟರು. ಚೀಟಿ ಬೇರೆ, ಸರ್ಟಿಫಿಕೇಟ್ ಬೇರೆ. ಕೇಳಿ ಬರೆಸಿಕೊಂಡೆ: ನನ್ನ ಹೆಸರು, ಏನು ಕಾಯಿಲೆ, ಯಾವ ದಿನ ವಿಶ್ರಾಂತಿ, ಸಹಿ, ಅವರ ನೋಂದಣಿ ನಂಬರ್. ನಮ್ಮ ಟೀಮಿನ ಒಬ್ಬರು ತಂದಿದ್ದ ನಂಬರ್ ಇಲ್ಲದ ಸರ್ಟಿಫಿಕೇಟ್ ವಾಪಸ್ ಬಂದಿತ್ತು.

ಮಂಗಳವಾರ ಆಫೀಸಿಗೆ ಬಂದು ಅಪ್‌ಲೋಡ್ ಮಾಡಿದೆ. ಆದರೆ ಪೋರ್ಟಲ್ ನನ್ನ ಅರ್ನ್ಡ್ ಲೀವ್‌ನಿಂದ ಐದಲ್ಲ, ಏಳು ದಿನ ಕಳೆದಿತ್ತು. ಶುಕ್ರವಾರ ರಜೆ, ಸೋಮವಾರ ರಜೆ, ನಡುವಿನ ಶನಿವಾರ ಭಾನುವಾರವನ್ನೂ ನುಂಗಿತ್ತು. ಇದಕ್ಕೇ ಸ್ಯಾಂಡ್‌ವಿಚ್ ರೂಲ್ ಅನ್ನೋದು. ಮತ್ತೆ ಪಿಡಿಎಫ್ ತೆಗೆದೆ. ಅಲ್ಲಿದ್ದದ್ದು "ಎರಡೂ ಕಡೆ ಒಂದೇ ಬಗೆಯ ರಜೆ ಇದ್ದರೆ" ಅಂತ. ನನ್ನದು ಒಂದು ಕಡೆ ಅರ್ನ್ಡ್, ಇನ್ನೊಂದು ಕಡೆ ಸಿಕ್. ಈ ಸಲ ಪುಟ, ಸಾಲು ಎರಡನ್ನೂ ಹಾಕಿ ಎಚ್‌ಆರ್‌ಗೆ ಮೇಲ್ ಮಾಡಿದೆ. ದೀಪಾವಳಿಯಲ್ಲಿ ನನ್ನನ್ನು ಕೇಳಿದ್ದ ಅದೇ ಮೇಡಂ, "ಚೆಕ್ ಮಾಡ್ತೀವಿ" ಅಂದರು. ಜೂನ್ ಮೊದಲ ವಾರ ಎರಡು ದಿನ ವಾಪಸ್ ಬಂತು.