ವಿಮಾನ ಟಿಕೆಟ್ ಬುಕ್ ಮಾಡುವ ಮೊದಲು ಬ್ಯಾಗ್ ತೂಗಿ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದ ಕೌಂಟರ್ ಮುಂದೆ ನಮ್ಮ ಅಕ್ಕ ಬ್ಯಾಗ್ ಬಿಚ್ಚಿ ಕೂತಿದ್ದಳು. ಹದಿನೆಂಟು ಕೆ.ಜಿ. ಇತ್ತು, ಬಿಡುವುದು ಹದಿನೈದು. ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಪೇಢೆಯ ಡಬ್ಬಿಗಳೆಲ್ಲ ನೆಲದ ಮೇಲೆ. ಕೊನೆಗೆ ಮೂರು ಕೆ.ಜಿ.ಗೆ ದುಡ್ಡು ಕಟ್ಟಿದಳು. ಅಗ್ಗದ ಟಿಕೆಟ್ ಅಲ್ಲಿಗೆ ದುಬಾರಿಯಾಯಿತು.

ಅದಕ್ಕೇ ಮೊದಲ ಕೆಲಸ ತೂಕ. ಬಚ್ಚಲಮನೆಯ ತೂಕದ ಯಂತ್ರದ ಮೇಲೆ ನೀವು ನಿಂತು ನೋಡಿ, ಆಮೇಲೆ ಬ್ಯಾಗ್ ಹಿಡಿದು ನಿಲ್ಲಿ. ವ್ಯತ್ಯಾಸವೇ ಬ್ಯಾಗಿನ ತೂಕ. ಯಂತ್ರ ಇಲ್ಲದಿದ್ದರೆ ಓಣಿಯ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ಕೈಯಲ್ಲಿ ಹಿಡಿದು ತೂಗುವ ಸಣ್ಣ ಸ್ಪ್ರಿಂಗ್ ಕಾಟಾ ಮಾತ್ರ ನಂಬಬೇಡಿ, ನನ್ನದು ಎರಡು ಕೆ.ಜಿ. ಕಡಿಮೆ ತೋರಿಸುತ್ತಿತ್ತು.

ದೇಶದೊಳಗಿನ ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕೆ.ಜಿ., ಕೌಂಟರಿನಲ್ಲಿ ಕೊಡುವ ಬ್ಯಾಗಿಗೆ 15 ಕೆ.ಜಿ. ಆದರೆ 2021ರಿಂದ ಬ್ಯಾಗ್ ಇಲ್ಲದ ಟಿಕೆಟನ್ನು ಕಡಿಮೆ ದರಕ್ಕೆ ಮಾರಲು ಅನುಮತಿ ಇದೆ. ಪಟ್ಟಿಯಲ್ಲಿ ಮೇಲೆ ಕಾಣುವ ಅಗ್ಗದ ದರ ಬಹಳ ಸಲ ಅದೇ. ಅದನ್ನು ಒತ್ತುವ ಮೊದಲು 'ಬ್ಯಾಗೇಜ್' ಎಂಬ ಸಾಲು ಓದಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಿಂದ ದೆಹಲಿಗೆ ಬ್ಯಾಗ್ ಇಲ್ಲದ ಟಿಕೆಟ್ 4,300 ರೂಪಾಯಿ, ಬ್ಯಾಗ್ ಸೇರಿದ್ದು 5,200. ಮೊದಲನೆಯದಕ್ಕೆ ಬ್ಯಾಗ್ ಸೇರಿಸಲು 1,500, ಸೀಟಿಗೆ 300, ಕೊನೆಯ ಪುಟದ ಕನ್ವೀನಿಯನ್ಸ್ ಫೀ 350: ಒಟ್ಟು 6,450. ಎರಡನೆಯದರಲ್ಲಿ ಸೀಟು ಬಿಟ್ಟು ಅದೇ ಫೀ ಸೇರಿಸಿದರೆ 5,550. ಅದರ ಮೇಲೆ 18 ಕೆ.ಜಿ. ತಂದು ಕೌಂಟರಿನಲ್ಲಿ ಕೆ.ಜಿ.ಗೆ 600ರಂತೆ ಕಟ್ಟಿದರೆ ಮತ್ತೆ 1,800 ಏರಿ 7,350! ಹೆಚ್ಚುವರಿ ತೂಕ ಬೇಕೇ ಬೇಕು ಅಂದರೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಖರೀದಿಸಿ, ಕೌಂಟರಿಗಿಂತ ಅಗ್ಗ.

ಇಬ್ಬರು ಹೋಗುವುದಾದರೆ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ. ಆಗ ಇಬ್ಬರ ತೂಕವನ್ನು ಸಾಮಾನ್ಯವಾಗಿ ಕೂಡಿಸಿ ನೋಡುತ್ತಾರೆ. ಒಬ್ಬರದು 18, ಇನ್ನೊಬ್ಬರದು 11 ಆದರೂ 30ರ ಒಳಗೇ. ಬೇರೆ ಬೇರೆ ಬುಕ್ ಮಾಡಿದರೆ ಈ ಅನುಕೂಲ ಇಲ್ಲ. ತಲೆಗೆ ಒಂದೇ ಬ್ಯಾಗ್ ಬಿಡುವ ಕಂಪನಿಗಳಿವೆ, ಎರಡು ಚಿಕ್ಕ ಬ್ಯಾಗ್ ಬದಲು ಒಂದು ದೊಡ್ಡದು ಒಯ್ಯಿರಿ.

ಸೀಟಿನ ಪುಟ ಬಂದಾಗ ಆರಿಸಲೇಬೇಕು ಅನ್ನಿಸುತ್ತದೆ, ಅಲ್ವಾ? ಸ್ಕಿಪ್ ಗುಂಡಿ ಸಾಮಾನ್ಯವಾಗಿ ಕೆಳಗೆ ಮೂಲೆಯಲ್ಲಿ ಇರುತ್ತದೆ, ಅದನ್ನೇ ಒತ್ತಿ. ಸೀಟು ತಾನಾಗಿಯೇ ಸಿಗುತ್ತದೆ, ಬಹುಶಃ ನಡುವಿನದು. 12 ವರ್ಷದವರೆಗಿನ ಮಕ್ಕಳಿದ್ದರೂ ಹೆದರಬೇಡಿ: ಒಂದೇ ಪಿಎನ್‌ಆರ್‌ನಲ್ಲಿದ್ದರೆ ಅಪ್ಪ ಅಥವಾ ಅವ್ವ ಒಬ್ಬರ ಪಕ್ಕ ಮಗುವಿಗೆ ಸೀಟು ಕೊಡಬೇಕೆಂದು 2024ರಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಹೇಳಿದೆ.

ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ. ಅದು ಆಗದಿದ್ದರೂ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ದುಡ್ಡು ಕೇಳಬಾರದು ಎಂದು 2022ರ ಜುಲೈನಲ್ಲೇ ವಿಮಾನಯಾನ ಸಚಿವಾಲಯ ಕಂಪನಿಗಳಿಗೆ ಸೂಚಿಸಿದೆ. ಯಾರಾದರೂ ಕೇಳಿದರೆ ಅದನ್ನೇ ನೆನಪಿಸಿ.